ಹಾಲಿನ ಸೂಪು, ಮೂಗಿಗೇರುವ ಸಾಸಿವೆ, ಮೇಕೆ ಮತ್ತು ಕೋಸು: ಈ ಫ್ರೆಂಚ್ ನುಡಿಗಟ್ಟುಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ತುಂಗಾತೀರ

ಒಂದು ಫ್ರೆಂಚ್ ನಾಟಕವನ್ನು ಕನ್ನಡಕ್ಕೆ ತರುತ್ತಿದ್ದೇನೆ. ದಿಜೋಂ ಊರಿನ ಒಂದು ಮನೆ. ತಂದೆ ತೀರಿಕೊಂಡಿದ್ದಾರೆ. ಅಕ್ಕ, ತಮ್ಮ, ಪಾಲಿನ ಕಾಗದಪತ್ರ ನೋಡಿಕೊಳ್ಳುವ ನೋಟರಿ, ಮೂವರೂ ಊಟದ ಮೇಜಿನ ಸುತ್ತ ಕುಳಿತಿದ್ದಾರೆ. ಇಡೀ ಜಗಳ ನುಡಿಗಟ್ಟುಗಳ ಮೇಲೆಯೇ ಸಾಗುತ್ತದೆ, ಅದರಲ್ಲೂ ಊಟ ಮತ್ತು ಪ್ರಾಣಿಗಳ ನುಡಿಗಟ್ಟು. ನಾಲ್ಕು ಕಡೆ ನಿಂತುಬಿಟ್ಟಿದ್ದೇನೆ.

ಅಕ್ಕ ತಮ್ಮನನ್ನು ತೋರಿಸಿ ನೋಟರಿಗೆ ಹೇಳುತ್ತಾಳೆ: "ಇಲ್ ಎ ಸೂಪ್ ಓ ಲೇ." ಪದಕ್ಕೆ ಪದ ಇಟ್ಟರೆ "ಅವನು ಹಾಲಿನ ಸೂಪು". ಬೇಗ ಸಿಟ್ಟಾಗುವ ಸ್ವಭಾವದವನು ಎಂದರ್ಥ.

ಸ್ವಲ್ಪ ಹೊತ್ತಿಗೆ ತಮ್ಮ: "ಲಾ ಮುತಾರ್ದ್ ಮ ಮೋಂತ್ ಓ ನೇ." ಅಂದರೆ "ಸಾಸಿವೆ ನನ್ನ ಮೂಗಿಗೇರುತ್ತಿದೆ". ಸಿಟ್ಟು ಬರುತ್ತಿದೆ ಎನ್ನುವುದು.

ನೋಟರಿಯ ಬಗ್ಗೆ ಅಕ್ಕ: "ಇಲ್ ಮೆನಾಜ್ ಲಾ ಶೆವ್ರ್ ಎ ಲ ಶೂ." ಮೇಕೆಯನ್ನೂ ಕಾಯುತ್ತಾನೆ, ಕೋಸನ್ನೂ ಕಾಯುತ್ತಾನೆ.

ಕೊನೆಯದು, ತಂದೆಯ ಪಿಯಾನೋ ತಮ್ಮನ ಪಾಲಿಗೆ ಹೋದಾಗ ಅಕ್ಕನ ಮಾತು: ಹಂದಿಗಳಿಗೆ ಹಣ್ಣಿನ ಜಾಮ್ ಕೊಟ್ಟ ಹಾಗೆ.

ಅಡಿಟಿಪ್ಪಣಿ ಹಾಕುವ ಹಾಗಿಲ್ಲ, ರಂಗದ ಮೇಲೆ ಆಡುವ ಮಾತು. ಕೇಳಿದ ಕೂಡಲೇ ಸಭಿಕರಿಗೆ ಹತ್ತಬೇಕು.

ಕೌದಿ

ಮೊದಲ ಎರಡಕ್ಕೂ ಒಂದೇ ಉತ್ತರ ಸಾಕು: "ಮೂಗಿನ ತುದಿಯಲ್ಲೇ ಕೋಪ". ಫ್ರೆಂಚಿನಲ್ಲೂ ಮೂಗು, ಕನ್ನಡದಲ್ಲೂ ಮೂಗು. ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ. ಸಾಸಿವೆಯ ಮಾತಿಗೆ ಕಣ್ಣು ಮುಚ್ಚಿಕೊಂಡು ಇದನ್ನೇ ಹಾಕಿ.

ಹಾಲಿನ ಸೂಪಿಗೆ ಬೇಕಾದರೆ "ಹಾಲಿನಂತೆ ಉಕ್ಕುವವನು" ಎನ್ನಬಹುದು. ಹಾಲೂ ಉಳಿಯಿತು, ಅರ್ಥವೂ ಉಳಿಯಿತು.

ಹಳೇಮೇಷ್ಟ್ರು

ಕೌದಿಯವರೇ, ಮೂಗು ಸಿಕ್ಕಿತೆಂದು ಹಿಗ್ಗುವುದು ಸಹಜ. ಆದರೆ ಅದು ತಪ್ಪು ಮಾತಿನ ಮೂಗು. "ಅವನಿಗೆ ಮೂಗಿನ ತುದಿಯಲ್ಲೇ ಕೋಪ" ಎಂದಾಗ ನಾವು ಹೇಳುವುದು ಒಬ್ಬನ ಸ್ವಭಾವವನ್ನು. ಆ ಹೊತ್ತಿಗೆ ಅವನು ಶಾಂತವಾಗಿ ಕುಳಿತು ಊಟ ಮಾಡುತ್ತಿರಬಹುದು, ಆದರೂ ಮಾತು ಸುಳ್ಳಾಗುವುದಿಲ್ಲ. ಸಾಸಿವೆಯ ಮಾತು ಸ್ವಭಾವದ್ದಲ್ಲ, ಆ ಕ್ಷಣದ್ದು. ಸಿಟ್ಟು ಈಗ, ಇಲ್ಲಿ, ಕೆಳಗಿನಿಂದ ಮೇಲಕ್ಕೆ ಬರುತ್ತಿದೆ. ತಮ್ಮ ತನ್ನ ಬಗ್ಗೆಯೇ "ನನಗೆ ಮೂಗಿನ ತುದಿಯಲ್ಲೇ ಕೋಪ" ಎಂದರೆ ಅವನು ತನ್ನ ದೋಷವನ್ನು ಒಪ್ಪಿಕೊಂಡ ಹಾಗಾಗುತ್ತದೆ. ನಾಟಕದಲ್ಲಿ ಅವನು ಎಚ್ಚರಿಕೆ ಕೊಡುತ್ತಿದ್ದಾನೆ. ಎರಡೂ ಬೇರೆ.

ಇದಕ್ಕೆ ಕನ್ನಡದಲ್ಲಿ ಸಿದ್ಧವಾಗಿ ಕುಳಿತಿರುವ ಮಾತು "ಪಿತ್ತ ನೆತ್ತಿಗೇರು". ಅದರಲ್ಲೂ ಏರಿಕೆ ಇದೆ, ಮೈಯೊಳಗಿನ ಉರಿ ಇದೆ. "ಪಿತ್ತ ನೆತ್ತಿಗೇರುತ್ತಿದೆ ನನಗೆ" ಎಂದು ತಮ್ಮ ಹೇಳಲಿ, ಸಭಿಕರು ಒಂದು ಕ್ಷಣವೂ ತಡೆಯುವುದಿಲ್ಲ.

ಕೌದಿಯವರ "ಮೂಗಿನ ತುದಿಯಲ್ಲೇ ಕೋಪ" ಕೂಡ ವ್ಯರ್ಥವಲ್ಲ. ಅದರ ಜಾಗ ಹಾಲಿನ ಸೂಪು. ಅಲ್ಲಿ ಹೇಳುತ್ತಿರುವುದೇ ಸ್ವಭಾವವನ್ನು.

ಕೌದಿ

ಒಪ್ಪಿದೆ ಮೇಷ್ಟ್ರೇ. ಆದರೆ "ಹಾಲಿನಂತೆ ಉಕ್ಕುವವನು" ಏಕೆ ಬೇಡ? ಚಿತ್ರ ಎಷ್ಟು ಸ್ಪಷ್ಟವಾಗಿದೆ.

ಹಳೇಮೇಷ್ಟ್ರು

ಚಿತ್ರ ಸ್ಪಷ್ಟವಾಗಿದೆ, ಆದರೆ ಕನ್ನಡದವರ ಕಣ್ಣಿಗೆ ಅದು ಬೇರೆ ಚಿತ್ರ. ಹೊಸ ಮನೆಗೆ ಕಾಲಿಟ್ಟಾಗ ನಾವು ಬೇಕೆಂದೇ ಹಾಲು ಉಕ್ಕಿಸುತ್ತೇವೆ. ಪ್ರೀತಿ ಉಕ್ಕುತ್ತದೆ, ಸಂತೋಷ ಉಕ್ಕುತ್ತದೆ, ತಾಯಿಯ ಕರುಳು ಉಕ್ಕುತ್ತದೆ. ಹಾಲಿನ ಜೊತೆ ಉಕ್ಕುವುದು ಸೇರಿದರೆ ಕೇಳುವವರ ಮನಸ್ಸು ಮೊದಲು ಶುಭದ ಕಡೆಗೇ ಹೋಗುತ್ತದೆ. "ನನ್ನ ತಮ್ಮ ಹಾಲಿನಂತೆ ಉಕ್ಕುವವನು" ಎಂದು ಅಕ್ಕ ನೋಟರಿಗೆ ಹೇಳಿದರೆ ತಮ್ಮನನ್ನು ಮೆಚ್ಚಿಕೊಳ್ಳುತ್ತಿದ್ದಾಳೆ ಎಂದೇ ಸಭಿಕರು ತಿಳಿಯುವರು.

ಫ್ರೆಂಚರ ಹಾಲಿನ ಸೂಪಿಗೆ ಇನ್ನೊಂದು ಗುಣವೂ ಇದೆ. ಒಲೆಯ ಮೇಲೆ ಗಕ್ಕನೆ ಮೇಲೇಳುತ್ತದೆ, ಇಳಿಸಿದರೆ ಅಷ್ಟೇ ಬೇಗ ಕುಸಿಯುತ್ತದೆ. ಹಾಗಾಗಿ ಆ ಮಾತಿನಲ್ಲಿ ಸಿಟ್ಟಿನ ಜೊತೆಗೆ "ಇವನನ್ನು ಅಷ್ಟೇನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ" ಎನ್ನುವ ಸಣ್ಣ ಧ್ವನಿಯೂ ಇರುತ್ತದೆ. "ಮೂಗಿನ ತುದಿಯಲ್ಲೇ ಕೋಪ" ಏರುವುದನ್ನು ಮಾತ್ರ ಹೇಳುತ್ತದೆ, ಇಳಿಯುವುದನ್ನು ಹೇಳುವುದಿಲ್ಲ. ಎರಡೂ ಬೇಕೆಂದರೆ "ಕ್ಷಣ ಚಿತ್ತ, ಕ್ಷಣ ಪಿತ್ತ" ನೋಡಿ.

ಬೇವಿನಕಟ್ಟೆ

"ಕ್ಷಣ ಚಿತ್ತ, ಕ್ಷಣ ಪಿತ್ತ" ನನಗೆ ಸರಿಯೆನಿಸಲಿಲ್ಲ. ನಮ್ಮಲ್ಲಿ ಅದನ್ನು ಹೇಳುವುದು ಮನಸ್ಸು ನಿಲ್ಲದವನಿಗೆ: ಬೆಳಿಗ್ಗೆ ಹೂಂ ಎಂದವನು ಸಂಜೆ ಊಹೂಂ ಎನ್ನುತ್ತಾನೆ, ಅಂಥವನಿಗೆ. ಸಿಟ್ಟಿಗಿಂತ ಚಂಚಲತೆ ಮುಂದೆ ಬರುತ್ತದೆ. ಅದೂ ಅಲ್ಲದೆ ಮೊದಲ ಮಾತಿನಲ್ಲಿ ಪಿತ್ತ, ಎರಡನೆಯದರಲ್ಲೂ ಪಿತ್ತ ಬಂದರೆ ನಾಟಕಕಾರ ಕೊಟ್ಟ ಎರಡು ಬೇರೆ ರುಚಿ ಒಂದಾಗಿಬಿಡುತ್ತವೆ.

ನಾನಾದರೆ "ಅವನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಬಿಡಿ" ಎಂದು ಬರೆಯುತ್ತೇನೆ. ಆ "ಬಿಡಿ" ಇದೆಯಲ್ಲ, ಇಳಿಯುವ ಅರ್ಧವನ್ನು ಅದೇ ಹೊರುತ್ತದೆ. ನಟಿ ಕೈ ಬೀಸಿ ಹೇಳಿದರೆ ಮುಗಿಯಿತು. ಎಲ್ಲವನ್ನೂ ನಾಮಪದದಲ್ಲೇ ಹುಡುಕಬೇಕಾಗಿಲ್ಲ, ಕನ್ನಡದಲ್ಲಿ ಇಂಥ ಬಾಲದ ಮಾತುಗಳು ಬಹಳ ಕೆಲಸ ಮಾಡುತ್ತವೆ.

ತುಂಗಾತೀರ

"ಬಿಡಿ" ತೆಗೆದುಕೊಂಡೆ. ಅಕ್ಕನ ಪಾತ್ರಕ್ಕೆ ಹೊಲಿದ ಹಾಗಿದೆ.

ನೀಲಗಿರಿಮರ

ಈ ಚರ್ಚೆ ನೋಡಿ ಸಂತೋಷವಾಯಿತು. ನನ್ನ ಮಗಳು ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎನ್ನುವುದಕ್ಕೆ ಫ್ರೆಂಚಿನಲ್ಲಿ ಏನು ಹೇಳುತ್ತಾರೆ, ದಯವಿಟ್ಟು ತಿಳಿಸಿ. ಅವಳಿಗೆ ಭಾಷಣಕ್ಕೆ ಬೇಕಿತ್ತು.

ಬೇವಿನಕಟ್ಟೆ

ಅಮ್ಮಾ, ಇಲ್ಲಿ ನಡೆಯುತ್ತಿರುವುದು ಫ್ರೆಂಚಿನಿಂದ ಕನ್ನಡಕ್ಕೆ. ನಿಮ್ಮದು ತಿರುಗುದಾರಿ. ಮಗಳಿಗೆ ಒಂದು ಮಾತು ಹೇಳಿ: ಭಾಷಣದಲ್ಲಾದರೆ ಗಾದೆಯನ್ನು ಹಾಗೆಯೇ ಅನುವಾದಿಸಿ "ನಮ್ಮ ಭಾಷೆಯಲ್ಲಿ ಹೀಗೊಂದು ಗಾದೆಯಿದೆ" ಎಂದು ಪರಿಚಯಿಸಬಹುದು. ಅಲ್ಲಿ ಗಾದೆಯೇ ಅತಿಥಿ, ಹೊಸತಾಗಿ ಕಂಡರೆ ಒಳ್ಳೆಯದೇ. ನಾಟಕದ ಪಾತ್ರಕ್ಕೆ ಆ ಅವಕಾಶವಿಲ್ಲ.

ಅಡಿಬರಹ

ನಾನು ಚಿತ್ರಗಳಿಗೆ ಅಡಿಬರಹ ಬರೆಯುವವನು. ನನ್ನ ಕಷ್ಟ ಬೇರೆ, ಆದರೆ ಮೇಕೆ ಮತ್ತು ಕೋಸು ನನಗೂ ಎದುರಾಗಿತ್ತು. ಆಗ ಹೊಳೆದದ್ದು "ಹಾವೂ ಸಾಯಬಾರದು, ಕೋಲೂ ಮುರಿಯಬಾರದು". ಅರ್ಥ ಕೂಡುತ್ತದೆ, ಆದರೆ ಪರದೆಯ ಮೇಲೆ ಆ ಪಾತ್ರ ಮಾತು ಮುಗಿಸಲು ಎರಡು ಸೆಕೆಂಡೂ ತೆಗೆದುಕೊಳ್ಳುವುದಿಲ್ಲ. ನೋಡುಗ ಹಾವಿನಿಂದ ಕೋಲಿಗೆ ಬರುವಷ್ಟರಲ್ಲಿ ದೃಶ್ಯ ಬದಲಾಗಿರುತ್ತದೆ. ಕೊನೆಗೆ "ಇಬ್ಬರನ್ನೂ ಓಲೈಸುತ್ತಾನೆ" ಎಂದು ಹಾಕಿದೆ. ಬಣ್ಣ ಹೋಯಿತು, ಆದರೆ ಓದಲು ಆಯಿತು.

ನನ್ನ ಕೆಲಸದಲ್ಲಿ ಚಿಕ್ಕ ಮಾತೇ ದೇವರು. "ಪೋಜೆ ಅಂ ಲಪಾಂ" ಎನ್ನುತ್ತಾರಲ್ಲ, ಮೊಲ ಇಡುವುದು, ಬರುತ್ತೇನೆಂದು ಹೇಳಿ ಬಾರದೆ ಕಾಯಿಸುವುದು. ಅದಕ್ಕೆ ಕನ್ನಡದಲ್ಲಿ "ಕೈಕೊಟ್ಟ". ಒಂದೇ ಪದ. ಮೊಲ ಎಲ್ಲಿ ಹೋಯಿತೆಂದು ಈವರೆಗೆ ಯಾರೂ ಕೇಳಿಲ್ಲ.

ಹಳೇಮೇಷ್ಟ್ರು

ಅಡಿಬರಹದವರು ಕೊಟ್ಟ "ಕೈಕೊಟ್ಟ" ಬಹಳ ಒಳ್ಳೆಯ ಉದಾಹರಣೆ, ಅದರ ಮೇಲೆ ಎರಡು ಮಾತು ಹೇಳಲೇಬೇಕು. ಮೊಲದ ಮಾತನ್ನಾಡುವ ಫ್ರೆಂಚರ ಕಣ್ಣ ಮುಂದೆ ಮೊಲ ಬರುವುದಿಲ್ಲ. ಬಳಸಿ ಬಳಸಿ ಚಿತ್ರ ಸವೆದಿದೆ. "ಕೈಕೊಟ್ಟ" ಎಂದಾಗ ನಮಗೂ ಕೈ ಕಾಣುವುದಿಲ್ಲ. ಸವೆದದ್ದಕ್ಕೆ ಸವೆದದ್ದು ಸಿಕ್ಕಿದೆ, ಅದಕ್ಕೇ ಅದು ಇಷ್ಟು ಸಲೀಸಾಗಿ ಕೂರುತ್ತದೆ. "ಪಿತ್ತ ನೆತ್ತಿಗೇರು" ಕೂಡ ಇದೇ ಜಾತಿಯದು. ಪಿತ್ತ ಎಂದರೆ ಏನೆಂದು ಯೋಚಿಸದೆಯೇ ಜನ ಅದನ್ನು ಆಡುತ್ತಾರೆ.

ಅನುವಾದಕರು ಸಾಮಾನ್ಯವಾಗಿ ಹುಡುಕುವುದು ಪ್ರಾಣಿಗೆ ಪ್ರಾಣಿಯನ್ನು, ತಿನಿಸಿಗೆ ತಿನಿಸನ್ನು. ನಾನು ಮೊದಲು ನೋಡುವುದು ಆ ಚಿತ್ರ ಆಡುವವರಿಗೆ ಕಾಣುತ್ತಿದೆಯೇ, ಸವೆದಿದೆಯೇ ಎಂಬುದನ್ನು. ಸವೆದ ಫ್ರೆಂಚ್ ಮಾತಿಗೆ ಬಣ್ಣಬಣ್ಣದ ಕನ್ನಡ ಗಾದೆ ಹಾಕಿದರೆ ಪಾತ್ರ ಇದ್ದಕ್ಕಿದ್ದಂತೆ ಹಳ್ಳಿಯ ಹಿರಿಯನ ಹಾಗೆ ಕೇಳಿಸುತ್ತದೆ. ದಿಜೋಂನ ನೋಟರಿಯ ಬಾಯಲ್ಲಿ "ಕೋಣನ ಮುಂದೆ ಕಿನ್ನರಿ" ಬಂದರೆ ಹೇಗಿರುತ್ತದೆ ಯೋಚಿಸಿ. ಸಭಿಕರು ಮಾತಿನ ಅರ್ಥ ಬಿಟ್ಟು ಕಿನ್ನರಿಯನ್ನು ನೋಡುತ್ತಾರೆ.

ಮೇಕೆ ಮತ್ತು ಕೋಸಿನ ಬಗ್ಗೆ: ಹಾವು ಮತ್ತು ಕೋಲಿನ ಗಾದೆಯನ್ನು ಎಲ್ಲ ಕಡೆಯೂ ಬಳಸಲು ಬಾರದು. ಅದರಲ್ಲಿ ಒಂದು ಕೆಲಸವಿದೆ, ಆ ಕೆಲಸ ಯಾರಿಗೂ ನಷ್ಟವಾಗದೆ ಆಗಬೇಕು. ಹೇಳುವವರ ದನಿಯಲ್ಲಿ ಒಂದಿಷ್ಟು ಮೆಚ್ಚುಗೆಯೂ ಇರಬಹುದು. ಫ್ರೆಂಚ್ ಮಾತಿನಲ್ಲಿ ಹೆಚ್ಚಾಗಿ ಇರುವುದು ದೂರು: ಈ ಮನುಷ್ಯ ಯಾರ ಕಡೆಯೂ ನಿಲ್ಲುವುದಿಲ್ಲ. ತುಂಗಾತೀರ ಅವರೇ, ನಿಮ್ಮ ನೋಟರಿ ಆ ದೃಶ್ಯದಲ್ಲಿ ಏನು ಮಾಡುತ್ತಾನೆ? ಬರೇ ಮಾತಾಡುತ್ತಾನೋ ಅಥವಾ ಏನಾದರೂ ವ್ಯವಸ್ಥೆ ಮಾಡಿಕೊಡುತ್ತಾನೋ?

ತುಂಗಾತೀರ

ಮಾತು ಮಾತ್ರ. ಮನೆ ಯಾರಿಗೆ ಸೇರಬೇಕು ಎಂದು ಅಕ್ಕ ನೇರವಾಗಿ ಕೇಳುತ್ತಾಳೆ. ಅವನು "ನೀವು ಹೇಳುವುದರಲ್ಲೂ ಸತ್ಯವಿದೆ, ಅವರು ಹೇಳುವುದರಲ್ಲೂ ಸತ್ಯವಿದೆ" ಎಂಬ ಧಾಟಿಯಲ್ಲಿ ಐದಾರು ಸಾಲು ಆಡಿ ಗ್ಲಾಸು ತುಂಬಿಸಿಕೊಳ್ಳುತ್ತಾನೆ. ಅದಾದ ಮೇಲೆಯೇ ಅಕ್ಕನ ಮಾತು ಬರುವುದು.

ಹಳೇಮೇಷ್ಟ್ರು

ಹಾಗಾದರೆ "ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತೀರಿ". ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು, ಯಾವ ಕಡೆಗೂ ಪೂರ್ತಿ ಅಲ್ಲ. ಖಚಿತ ಉತ್ತರ ಕೊಡದೆ ಜಾರಿಕೊಳ್ಳುವ ಮಾತಿಗೇ ಕನ್ನಡಿಗರು ಇದನ್ನು ಮೀಸಲಿಟ್ಟಿದ್ದಾರೆ. ಗಾದೆಯೇ ಆದರೂ ಪಟ್ಟಣದವರ ಬಾಯಲ್ಲೂ, ಪತ್ರಿಕೆಯ ರಾಜಕೀಯ ಬರಹದಲ್ಲೂ ದಿನವೂ ಬರುವುದರಿಂದ ಊರಿನ ವಾಸನೆ ಹೆಚ್ಚಿಲ್ಲ. ಅದೇ ನೋಟರಿ ಮುಂದಿನ ಅಂಕದಲ್ಲಿ ಮನೆಯನ್ನು ಅಕ್ಕನಿಗೂ ತೋಟವನ್ನು ತಮ್ಮನಿಗೂ ಬರೆದು ಇಬ್ಬರ ಬಾಯನ್ನೂ ಮುಚ್ಚಿಸಿದರೆ, ಅಲ್ಲಿ ಹಾವು ಮತ್ತು ಕೋಲು ಸರಿ.

ಕೌದಿ

"ಅತ್ತ ದರಿ, ಇತ್ತ ಪುಲಿ" ಆಗುವುದಿಲ್ಲವೇ? ಎರಡು ಕಡೆ ಎನ್ನುವುದು ಅದರಲ್ಲೂ ಇದೆ. "ಎರಡು ದೋಣಿಯಲ್ಲಿ ಕಾಲು" ಕೂಡ.

ಬೇವಿನಕಟ್ಟೆ

ದರಿ ಪುಲಿಯಲ್ಲಿ ಮನುಷ್ಯ ಸಿಕ್ಕಿಹಾಕಿಕೊಂಡಿದ್ದಾನೆ, ಎತ್ತ ಹೋದರೂ ಸಾವು. ನೋಟರಿಗೆ ಅಂಥ ಸಂಕಟವೇನೂ ಇಲ್ಲ, ಆರಾಮವಾಗಿ ಕುಡಿಯುತ್ತಿದ್ದಾನೆ. ಎರಡು ದೋಣಿಯ ಮಾತು ಸ್ವಲ್ಪ ಹತ್ತಿರ ಬರುತ್ತದೆ, ಆದರೆ ಅದರಲ್ಲಿ "ಮುಳುಗುತ್ತೀಯ, ಹುಷಾರು" ಎಂಬ ಎಚ್ಚರಿಕೆ ಸೇರಿರುತ್ತದೆ. ಎರಡು ಬದಿ ಇದ್ದ ಮಾತ್ರಕ್ಕೆ ಗಾದೆಗಳು ನೆಂಟರಾಗುವುದಿಲ್ಲ.

ಅಂದ ಹಾಗೆ, ಫ್ರೆಂಚರ ಈ ಮೇಕೆ ಮತ್ತು ಕೋಸಿನ ಮಾತನ್ನು ದೋಣಿಯ ಒಗಟಿಗೆ ಜೋಡಿಸಿ ಹೇಳುವವರಿದ್ದಾರೆ: ತೋಳ, ಮೇಕೆ, ಕೋಸು ಮೂರನ್ನೂ ಒಂದೊಂದಾಗಿ ಹೊಳೆ ದಾಟಿಸುವುದು. ನಾವು ಚಿಕ್ಕವರಿದ್ದಾಗ ಬಿಡಿಸುತ್ತಿದ್ದ ಹುಲಿ, ಹಸು, ಹುಲ್ಲಿನ ಒಗಟು ಅದೇ. ಒಗಟು ಎರಡೂ ಕಡೆ ಇದೆ. ಅದರಿಂದ ಅವರು ನುಡಿಗಟ್ಟು ಮಾಡಿಕೊಂಡರು, ನಾವು ಮಾಡಿಕೊಳ್ಳಲಿಲ್ಲ. "ಹಸುವನ್ನೂ ಕಾಯುತ್ತಾನೆ, ಹುಲ್ಲನ್ನೂ ಕಾಯುತ್ತಾನೆ" ಎಂದು ಹೊಸದಾಗಿ ಕಟ್ಟಿದರೆ ಅರ್ಥವಾದೀತು, ಆದರೆ ಆಗ ಅಕ್ಕ ಮಾತಿನ ಮಲ್ಲಿಯಾಗುತ್ತಾಳೆ.

ತುಂಗಾತೀರ

ಅಡ್ಡಗೋಡೆಯ ದೀಪ ಖಾಯಂ. ಈಗ ಪಿಯಾನೋ. ಮೂರು ಗಾದೆಗಳ ನಡುವೆ ತೂಗುತ್ತಿದ್ದೇನೆ: ಕೋಣನ ಮುಂದೆ ಕಿನ್ನರಿ, ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ, ಮಂಗನ ಕೈಗೆ ಮಾಣಿಕ್ಯ. ಪಿಯಾನೋ ಸಂಗೀತದ್ದಾದ್ದರಿಂದ ಕಿನ್ನರಿಯ ಕಡೆ ಮನಸ್ಸು ಎಳೆಯುತ್ತದೆ.

ಹಳೇಮೇಷ್ಟ್ರು

ಕಿನ್ನರಿಯ ಗಾದೆಯಲ್ಲಿ ಕೋಣ ಕೇಳುಗ. ಬಾರಿಸುವವನು ಬೇರೆ, ಅವನ ಶ್ರಮ ವ್ಯರ್ಥ. ಉಪದೇಶ ಕಿವಿಗೆ ಹಾಕಿಕೊಳ್ಳದವರಿಗೆ ಅದು ಸಲ್ಲುತ್ತದೆ. ಇಲ್ಲಿ ತಮ್ಮನಿಗೆ ಯಾರೂ ಬಾರಿಸಿ ಕೇಳಿಸುತ್ತಿಲ್ಲ, ವಸ್ತುವೇ ಅವನ ಕೈ ಸೇರುತ್ತಿದೆ. ಕತ್ತೆ ಮತ್ತು ಕಸ್ತೂರಿ ಬೆಲೆ ತಿಳಿಯದವನಿಗೆ. ಹಂದಿ ಮತ್ತು ಜಾಮ್ ಹೇಳುವುದೂ ಅಷ್ಟನ್ನೇ: ಒಳ್ಳೆಯದನ್ನು ಅದರ ಬೆಲೆ ಅರಿಯದವರಿಗೆ ಕೊಡುವುದು. ಮಂಗ ಮತ್ತು ಮಾಣಿಕ್ಯದಲ್ಲಿ ಇನ್ನೊಂದು ಹೆಜ್ಜೆ ಇದೆ, ಕೊಟ್ಟರೆ ಹಾಳು ಮಾಡುತ್ತಾನೆ ಎಂಬ ಭಯ.

ಕೊಡುವುದು ಎನ್ನುವ ಕ್ರಿಯೆ ಉಳಿಯಬೇಕಾದ್ದರಿಂದ ನಾನು ಮಂಗನ ಕಡೆ. ತಮ್ಮನ ಎದುರಿಗೇ ಆಡುವ ಮಾತಾದ್ದರಿಂದಲೂ ಮಂಗವೇ ಮೇಲು. ಒಡಹುಟ್ಟಿದವನನ್ನು ಮಂಗ ಎನ್ನುವುದರಲ್ಲಿ ಸಲಿಗೆ ಇದೆ. ಕತ್ತೆ ಎಂದರೆ ಬೈಗುಳ ಗಟ್ಟಿಯಾಗುತ್ತದೆ. ಹಂದಿ ಎಂದು ಹಾಗೆಯೇ ಇಟ್ಟರಂತೂ ಆ ಊಟ ಅಲ್ಲಿಗೇ ಮುರಿದುಬೀಳಬೇಕು, ಫ್ರೆಂಚ್ ಮಾತಿಗೆ ಅಷ್ಟು ಏಟಿಲ್ಲ.

ಬೇವಿನಕಟ್ಟೆ

ಕಿನ್ನರಿ ಬೇಡ ಎಂದ ನೀವೇ ಮಾಣಿಕ್ಯ ಬೇಕು ಎನ್ನುತ್ತಿದ್ದೀರಲ್ಲ ಮೇಷ್ಟ್ರೇ. ಎರಡೂ ಬಣ್ಣದ ಗಾದೆಗಳೇ.

ಹಳೇಮೇಷ್ಟ್ರು

ಫ್ರೆಂಚಿನಲ್ಲೂ ಇದು ಸವೆದ ಮಾತಲ್ಲ. ಹಂದಿಯ ಮುಂದಿನ ಜಾಮ್ ಆಡುವವರಿಗೂ ಕಣ್ಣಿಗೆ ಕಾಣುತ್ತದೆ, ಚುಚ್ಚಬೇಕೆಂದೇ ಆಡುತ್ತಾರೆ. ಬಣ್ಣಕ್ಕೆ ಬಣ್ಣ. ಅದೂ ಅಲ್ಲದೆ ಮಾಣಿಕ್ಯ ಯಾವ ದೇಶದಲ್ಲಾದರೂ ಮಾಣಿಕ್ಯವೇ, ಕಿನ್ನರಿ ಹಾಗಲ್ಲ.

ತುಂಗಾತೀರ

ಈಗ ನಿಜವಾದ ತೊಡಕು. ಸಾಸಿವೆಯ ಮಾತು ಬರುವಾಗ ಮೇಜಿನ ಮೇಲೆ ಸಾಸಿವೆಯ ಸೀಸೆ ಇದೆ. ನಾಟಕ ದಿಜೋಂನಲ್ಲಿ ನಡೆಯುವುದೇ ಅದಕ್ಕಾಗಿ, ಆ ಊರಿನ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಅರೆದ ಸಾಸಿವೆ. ತಮ್ಮ ಮಾಂಸಕ್ಕೆ ಅದನ್ನು ಧಾರಾಳವಾಗಿ ಹಚ್ಚಿಕೊಳ್ಳುತ್ತಾ "ಸಾಸಿವೆ ಮೂಗಿಗೇರುತ್ತಿದೆ" ಎನ್ನುತ್ತಾನೆ. ಅಕ್ಕ ತಣ್ಣಗೆ "ಹಾಗಾದರೆ ಕಡಿಮೆ ಹಾಕಿಕೊ" ಎನ್ನುತ್ತಾಳೆ. ಸವೆದ ಮಾತನ್ನು ನಾಟಕಕಾರ ಮತ್ತೆ ಜೀವಂತ ಮಾಡಿದ್ದಾನೆ. ಬರೀ "ಪಿತ್ತ ನೆತ್ತಿಗೇರುತ್ತಿದೆ" ಎಂದರೆ ಅಕ್ಕನ ಉತ್ತರ ಗಾಳಿಯಲ್ಲಿ ನಿಲ್ಲುತ್ತದೆ.

ಕೌದಿ

ಹಾಗಿದ್ದರೆ ಸಾಸಿವೆಯನ್ನು ಉಳಿಸಲೇಬೇಕು. "ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯುತ್ತೇನೆ" ಎನ್ನಿಸಿ. ನಮ್ಮ ಸಾಸಿವೆ ಸಿಡಿಯುವುದು ಎಲ್ಲರಿಗೂ ಗೊತ್ತು.

ನೀಲಗಿರಿಮರ

ಸಾಸಿವೆ ಒಗ್ಗರಣೆಗೆ ಬಿದ್ದರೆ ಸಿಡಿಯುತ್ತದೆ ನಿಜ, ಆದರೆ ಮೂಗಿಗೆ ಬರುವುದಿಲ್ಲ. ಉಪ್ಪಿನಕಾಯಿಗೆ ಹಸಿ ಸಾಸಿವೆ ಪುಡಿ ಮಾಡಿ ಕಲಸುವಾಗ ನೋಡಿ, ನೀರು ಸೋಕಿದ ಮೇಲೆ ಅದರ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬರುತ್ತದೆ. ನೀವು ಹೇಳುವ ಸೀಸೆಯ ಸಾಸಿವೆ ಆ ಬಗೆಯದು ಇರಬೇಕು. ಅಂಥದ್ದು ಹೆಚ್ಚಾಗಿ ತಿಂದರೆ ನಾವು "ನೆತ್ತಿಗೆ ಹತ್ತಿತು" ಎನ್ನುತ್ತೇವೆ, ತಲೆ ತಟ್ಟುತ್ತೇವೆ.

ಹಳೇಮೇಷ್ಟ್ರು

ನೀಲಗಿರಿಮರ ಅಮ್ಮನವರು ಬಾಗಿಲು ತೆರೆದುಬಿಟ್ಟರು! ಖಾರ ನೆತ್ತಿಗೇರುತ್ತದೆ, ಪಿತ್ತವೂ ನೆತ್ತಿಗೇರುತ್ತದೆ. ಕ್ರಿಯಾಪದ ಒಂದೇ. ಫ್ರೆಂಚಿನಲ್ಲಿ ಎರಡು ಅರ್ಥ ಸೇರುವುದು ಸಾಸಿವೆಯಲ್ಲಿ, ಕನ್ನಡದಲ್ಲಿ ಅವು ಸೇರುವುದು "ನೆತ್ತಿಗೇರು" ಎಂಬಲ್ಲಿ. ಸಿಡಿಯುವ ಸಾಸಿವೆ ಬೇಡ ಕೌದಿಯವರೇ, ಸೀಸೆಯಲ್ಲಿರುವುದು ಮುದ್ದೆ, ಅದು ಸಿಡಿಯುವುದಿಲ್ಲ. ಹೀಗೆ ಮಾಡಿ ನೋಡಿ:

ತಮ್ಮ ಒಂದು ತುತ್ತು ನುಂಗಿ ಕೆಮ್ಮುತ್ತಾನೆ.
ಅಕ್ಕ: ನೆತ್ತಿಗೇರಿತೇ? ಸಾಸಿವೆ ಕಡಿಮೆ ಹಾಕಿಕೊ.
ತಮ್ಮ: ನೆತ್ತಿಗೇರಿದ್ದು ಸಾಸಿವೆಯಲ್ಲ, ಪಿತ್ತ.

ಬೇವಿನಕಟ್ಟೆ

ಮಾತು ಚೆನ್ನಾಗಿ ಕೂತಿದೆ, ದೃಶ್ಯ ತಿರುಗಿಬಿತ್ತು. ನಾನು ಹವ್ಯಾಸಿ ತಂಡಗಳಲ್ಲಿ ಆಡಿಸಿದವನು, ಅದರ ಮೇಲೆ ಹೇಳುತ್ತೇನೆ. ಮೂಲದಲ್ಲಿ ಕೊನೆಯ ಮಾತು ಅಕ್ಕನದು. ತಮ್ಮ ಬೆದರಿಸುತ್ತಾನೆ, ಅವಳು ಒಂದೇ ಸಾಲಿನಲ್ಲಿ ಅವನನ್ನು ಚಿಕ್ಕ ಹುಡುಗನನ್ನಾಗಿ ಮಾಡುತ್ತಾಳೆ. ನಿಮ್ಮ ರೂಪದಲ್ಲಿ ತಮ್ಮ ಗೆಲ್ಲುತ್ತಾನೆ. ಅದೂ ಅಲ್ಲದೆ ಕೆಮ್ಮು ಬಂದರೆ ನಟ ಬೇರೆಯೇ ಆಟ ಶುರುಮಾಡುತ್ತಾನೆ. ಕ್ರಮ ಬದಲಿಸದೆ ಹೀಗೆ ಮಾಡಬಹುದು:

ತಮ್ಮ (ಸಾಸಿವೆ ಹಚ್ಚಿಕೊಳ್ಳುತ್ತಾ): ಪಿತ್ತ ನೆತ್ತಿಗೇರುತ್ತಿದೆ ನನಗೆ.
ಅಕ್ಕ (ಸೀಸೆಯನ್ನು ತನ್ನ ಕಡೆಗೆ ಎಳೆದುಕೊಂಡು): ಸಾಸಿವೆ ಏರಿರಬೇಕು. ಕಡಿಮೆ ಹಾಕಿಕೊ.

ಹಳೇಮೇಷ್ಟ್ರು

ಕೊನೆಯ ಮಾತು ಅಕ್ಕನದೇ ಆಗಬೇಕೆಂಬುದು ಸರಿ. ಆದರೆ ನಿಮ್ಮ ರೂಪದಲ್ಲಿ ಅವಳು ಅವನ ಮಾತನ್ನು ಬೇಕೆಂದೇ ತಿರುಚುತ್ತಿದ್ದಾಳೆ. ಮೂಲದಲ್ಲಿ ಅವಳು ತಿರುಚುವುದೇ ಇಲ್ಲ, ಅವನು ಆಡಿದ್ದನ್ನು ಅಕ್ಷರಶಃ ತೆಗೆದುಕೊಳ್ಳುತ್ತಾಳೆ ಅಷ್ಟೇ. ಆ ತಣ್ಣನೆಯ ಮುಗ್ಧತೆ ಹೋಗುತ್ತದೆ.

ಅಡಿಬರಹ

"ಪಿತ್ತ" ತೆಗೆದುಬಿಟ್ಟರೆ? ತಮ್ಮ: "ನೆತ್ತಿಗೇರುತ್ತಿದೆ ನನಗೆ." ಅಕ್ಕ: "ಹಾಗಾದರೆ ಕಡಿಮೆ ಹಾಕಿಕೊ." ಏನು ಏರುತ್ತಿದೆ ಎಂದು ಅವನು ಹೇಳುವುದಿಲ್ಲ, ಸೀಸೆ ಕೈಯಲ್ಲೇ ಇದೆ. ಅವಳು ಏನನ್ನೂ ತಿರುಚಬೇಕಾಗಿಲ್ಲ.

ಬೇವಿನಕಟ್ಟೆ

ಪಿತ್ತವಿಲ್ಲದೆ ಬರೀ "ನೆತ್ತಿಗೇರುತ್ತಿದೆ" ಎಂದರೆ ಸಿಟ್ಟು ಎಂದು ಹಿಂದಿನ ಸಾಲಿನ ಸಭಿಕರಿಗೆ ಹೊಳೆಯುತ್ತದೆಯೇ? ಕುಡಿದದ್ದು ನೆತ್ತಿಗೇರಿದೆ ಎಂದೂ ಕೇಳಿಸಬಹುದು, ಮೇಜಿನ ಮೇಲೆ ವೈನ್ ಕೂಡ ಇದೆ. ಮುಖ ಕೆಂಪಾಗಿಸಿ, ಚಾಕುವನ್ನು ತಟ್ಟೆಯ ಮೇಲೆ ಕುಕ್ಕಿ ಹೇಳಬಲ್ಲ ನಟ ಸಿಕ್ಕರೆ ನಡೆಯುತ್ತದೆ.

ತುಂಗಾತೀರ

ತಮ್ಮನ ಪಾತ್ರದವರು ದನಿ ಏರಿಸದೆ ಸಿಟ್ಟು ತೋರಿಸುವ ನಟ, ಅದಕ್ಕೇ ನನಗೂ ಅಡಿಬರಹದವರ ರೂಪದ ಬಗ್ಗೆ ಆಸೆಯೂ ಇದೆ, ಅನುಮಾನವೂ ಇದೆ. ಬೇವಿನಕಟ್ಟೆಯವರ ರೂಪ, ಅಡಿಬರಹದವರ ರೂಪ ಎರಡನ್ನೂ ಪ್ರತಿಯಲ್ಲಿ ಬರೆದುಕೊಂಡು ಓದಿನ ತಾಲೀಮಿಗೆ ಹೋಗುತ್ತೇನೆ. ಫ್ರೆಂಚ್ ಬಾರದ ನಾಲ್ಕು ಮಂದಿಯನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಏನು ಅರ್ಥವಾಯಿತೆಂದು ಕೇಳುತ್ತೇನೆ. ಯಾರಾದರೂ ವೈನ್ ಎಂದರೆ ಪಿತ್ತವನ್ನು ವಾಪಸ್ ತರುತ್ತೇನೆ.

ನೀಲಗಿರಿಮರ

ತಾಲೀಮಿನಲ್ಲಿ ನಿಜವಾದ ಅರೆದ ಸಾಸಿವೆಯನ್ನೇ ಇಡಿ. ನಟನಿಗೆ ಅದು ಮೂಗಿಗೆ ಬಂದಾಗ ಮುಖ ತಾನಾಗಿಯೇ ಕೆಂಪಾಗುತ್ತದೆ.